ಬೇಸಿಗೆಯ ಮಣ್ಣು, ಮಳೆಗಾಲದ ಗುಡ್ಡ

ಕಳೆದ ವರ್ಷ ಮೇ ತಿಂಗಳ ರಜೆಗೆ ನವಿ ಮುಂಬಯಿಯಿಂದ ಊರಿಗೆ ಹೋಗಿದ್ದೆ. ನಮ್ಮ ಚಿಕ್ಕಪ್ಪನ ಮಗನಿಗೆ ಹೆದ್ದಾರಿ ಬದಿಯಲ್ಲಿ ಚಹದ ಅಂಗಡಿ ಇದೆ. ಅದರ ಹಿಂದೆ, ನಾಲ್ಕೇ ಮೀಟರ್ ದೂರದಲ್ಲಿ, ರಸ್ತೆ ಅಗಲ ಮಾಡಲು ಕಡಿದ ಗುಡ್ಡ. ನೆಟ್ಟಗೆ ಕಡಿದದ್ದಲ್ಲ, ಸುಮಾರು 30 ಡಿಗ್ರಿ ಇಳಿಜಾರಾಗಿ ಸವರಿದ್ದರು. ಹನ್ನೆರಡು ಮೀಟರ್ ಎತ್ತರ.

ಚಹ ಕೊಟ್ಟು ಅವನು ಒಂದು ಕಾಗದ ತಂದ. ಕೆಲಸ ಮಾಡಿಸಿದವರು ಕೊಟ್ಟ ಮಣ್ಣಿನ ವರದಿಯ ಪ್ರತಿ.

"ಅಣ್ಣ, ಇದರಲ್ಲಿ ಎರಡು ಅಂತ ಬರೆದಿದ್ದಾರೆ. ಒಂದಕ್ಕಿಂತ ಜಾಸ್ತಿ ಇದ್ರೆ ಸಾಕಂತೆ. ಹಂಗಾರೆ ಹೆದರಿಕೆ ಇಲ್ಲ ಅಲ್ದಾ?"

ಅವನು ಹೇಳಿದ ಆ ಎರಡು ಎಂದರೆ ಫ್ಯಾಕ್ಟರ್ ಆಫ್ ಸೇಫ್ಟಿ, ಸುರಕ್ಷತಾ ಗುಣಾಂಕ. ಮೂವತ್ತು ವರ್ಷದಿಂದ ನಾನು ಮಾಡುತ್ತಿರುವ ಕೆಲಸವೇ ಅದು. ಜಾರಿಸುವ ಬಲ ಎಷ್ಟು, ಜಾರದಂತೆ ಮಣ್ಣು ತಡೆಯುವ ಬಲ ಎಷ್ಟು ಎಂದು ನೋಡಿ, ಎರಡನೆಯದನ್ನು ಮೊದಲನೆಯದರಿಂದ ಭಾಗಿಸುವುದು. ಒಂದಕ್ಕಿಂತ ಕೆಳಗೆ ಬಂದರೆ ಗುಡ್ಡ ನಿಲ್ಲುವುದಿಲ್ಲ. ಬಹುಕಾಲ ನಿಲ್ಲಬೇಕಾದ ಇಳಿಜಾರಿಗೆ ಸಾಮಾನ್ಯವಾಗಿ ಒಂದೂವರೆ ಕೇಳುತ್ತೇವೆ. ವರದಿಯಲ್ಲಿ 2.07 ಇತ್ತು. ಭಾಗಾಕಾರ ಸರಿಯಾಗಿಯೇ ಇತ್ತು. ನನ್ನ ಕಣ್ಣು ನಿಂತದ್ದು ಬೇರೆ ಸಾಲಿನ ಮೇಲೆ: ಮಣ್ಣಿನ ಮಾದರಿ ತೆಗೆದದ್ದು ಮಾರ್ಚ್ ತಿಂಗಳಲ್ಲಿ, ಪರೀಕ್ಷೆ ಮಾಡಿದ್ದು ಆಗಿನ ತೇವದಲ್ಲೇ.

ಮಣ್ಣು ಜಾರದಂತೆ ಎರಡು ಸಂಗತಿ ತಡೆಯುತ್ತವೆ. ಒಂದು ಅದರ ಅಂಟು, ಇನ್ನೊಂದು ಕಣ ಕಣಗಳ ನಡುವಿನ ಘರ್ಷಣೆ. ಘರ್ಷಣೆ ಮೇಲಿನ ಭಾರವನ್ನು ಅವಲಂಬಿಸುತ್ತದೆ, ಅಂಟಿಗೆ ಭಾರ ಬೇಕಿಲ್ಲ. ಎರಡನ್ನೂ ಅಳೆಯಲು ಅಂಗೈಯಗಲದ ಒಂದು ಪೆಟ್ಟಿಗೆ ಇದೆ. ಅದು ಮಧ್ಯದಲ್ಲಿ ಎರಡು ಹೋಳು. ಮಣ್ಣು ತುಂಬಿ, ಮೇಲೆ ಭಾರ ಇಟ್ಟು, ಒಂದು ಹೋಳನ್ನು ಪಕ್ಕಕ್ಕೆ ತಳ್ಳಬೇಕು. ಬೇರೆ ಬೇರೆ ಭಾರದಲ್ಲಿ ಮೂರು ಸಲ ಮಾಡಿ ಗ್ರಾಫ್ ಹಾಕಿದರೆ ಒಂದು ಗೆರೆ ಸಿಗುತ್ತದೆ. ಭಾರವೇ ಇಲ್ಲದ ಕಡೆ ಗೆರೆ ಎಷ್ಟು ಎತ್ತರದಲ್ಲಿದೆಯೋ ಅದು ಅಂಟು. ಗೆರೆಯ ಓಟ ಘರ್ಷಣೆಯ ಕೋನ.

ವರದಿಯ ಪ್ರಕಾರ ಅಂಟು 25 ಕಿಲೋಪಾಸ್ಕಲ್, ಕೋನ 30 ಡಿಗ್ರಿ. ಒಂದು ಕಿಲೋಪಾಸ್ಕಲ್ ಎಂದರೆ ಚದರ ಮೀಟರಿಗೆ ಸುಮಾರು ನೂರು ಕಿಲೋ ಭಾರ. ಕೋನದ ಮೇಲೆ ನನಗೆ ಅನುಮಾನ ಬರಲಿಲ್ಲ, ಅಂಟಿನ ಮೇಲೆ ಬಂತು. ಕಾರಣ, ಅಲ್ಲಿರುವುದು ಶೇಡಿ ಮಣ್ಣು. ಕರಾವಳಿಯವರಿಗೆ ಗೊತ್ತು: ಮೇಲೆ ಮುರಕಲ್ಲು, ಅದರ ಕೆಳಗೆ ಬಿಳಿ, ನಸುಗೆಂಪು ಬಣ್ಣದ ಶೇಡಿ. ಒಣಗಿದಾಗ ಪಿಕಾಸಿಗೂ ಜಗ್ಗದು. ನೀರು ಕುಡಿದರೆ ಕೈಯಲ್ಲಿ ಹಿಟ್ಟಾಗುತ್ತದೆ.

ಜುಹೂ ಕಡಲ ದಂಡೆಯಲ್ಲಿ ಮಕ್ಕಳು ಹಸಿ ಮರಳಿನಲ್ಲಿ ಗೋಪುರ ಕಟ್ಟುವುದನ್ನು ನೋಡಿರುತ್ತೀರಿ. ಮರಳಿಗೆ ಅಂಟಿಲ್ಲ. ಕಣಗಳ ನಡುವಿನ ಚೂರು ನೀರು ಅವನ್ನು ಒಂದಕ್ಕೊಂದು ಎಳೆದು ಹಿಡಿಯುತ್ತದೆ. ಅಲೆ ಬಂದು ಆ ಸಂದುಗಳೆಲ್ಲ ನೀರಿನಿಂದ ತುಂಬಿದೊಡನೆ ಎಳೆತ ಹೋಗುತ್ತದೆ, ಗೋಪುರ ಕುಸಿಯುತ್ತದೆ. ಮಾರ್ಚ್ ತಿಂಗಳ ಶೇಡಿಯ 25ರಲ್ಲಿ ಇಂಥ ಸಾಲದ ಅಂಟು ಬಹಳ ಇರುತ್ತದೆ. ಮಳೆ ಬಂದಾಗ ಸಾಲ ವಾಪಸ್ಸು.

ಹಾಗಾಗಿ ಒಂದು ಗಟ್ಟಿ ತುಂಡನ್ನು ಕಲಕದಂತೆ ಕತ್ತರಿಸಿ, ಮೇಣ ಹಚ್ಚಿ ಮುಂಬಯಿಗೆ ತಂದೆ. ಗುಡ್ಡದಲ್ಲಿ ಕೈಬೈರಿಗೆಯಿಂದ ಕೊರೆದು ನೋಡಿದ್ದೆ: ಮೂರು ಮೀಟರ್ ಶೇಡಿ, ಅದರಡಿ ಗಟ್ಟಿ ಬಂಡೆ. ಪರಿಚಯದ ಲ್ಯಾಬಿನಲ್ಲಿ ಮಣ್ಣನ್ನು ಪೆಟ್ಟಿಗೆಯಲ್ಲೇ ನೀರಲ್ಲಿ ನೆನೆಸಿ, ಒಳಗಿನ ನೀರಿಗೆ ಹೊರಬರಲು ಸಮಯ ಸಿಗುವಷ್ಟು ನಿಧಾನವಾಗಿ ತಳ್ಳಿಸಿದೆ. 50, 100, 150 ಕಿಲೋಪಾಸ್ಕಲ್ ಭಾರಕ್ಕೆ ಬಂದ ತಡೆ 41, 70, 99. ಕೋನ ಅದೇ 30 ಡಿಗ್ರಿ. ಅಂಟು ಮಾತ್ರ 12ಕ್ಕೆ ಇಳಿಯಿತು.

ಈಗ ಲೆಕ್ಕ. ಮೂರು ಮೀಟರ್ ದಪ್ಪದ ಪದರ ಬಂಡೆಯ ಮೇಲೆ ಹಾಸಿಗೆಯಂತೆ ಜಾರುತ್ತದೆ ಎಂದು ಇಟ್ಟುಕೊಳ್ಳಿ. ಒಣ ಸ್ಥಿತಿಯಲ್ಲಿ ಅದು ಬಂಡೆಯನ್ನು 40.5 ಕಿಲೋಪಾಸ್ಕಲ್‌ನಷ್ಟು ಒತ್ತುತ್ತದೆ, ಕೆಳಕ್ಕೆ 23.4ರಷ್ಟು ಎಳೆಯುತ್ತದೆ. ಒತ್ತುವ ಭಾರದಿಂದ ಬರುವ ಘರ್ಷಣೆ ಸಹ 23.4. ವರದಿಯ 25ನ್ನು ಕೂಡಿಸಿದರೆ 48.4, ಅಂದರೆ ಗುಣಾಂಕ 2.07. ನೆನೆಸಿ ಅಳೆದ 12ನ್ನು ಕೂಡಿಸಿದರೆ 35.4, ಅಂದರೆ 1.51. ಇಷ್ಟಕ್ಕೇ ನಿಲ್ಲಿಸಿದರೂ ಪಾಸು!

ಆದರೆ ಆಷಾಢದಲ್ಲಿ ಎಡೆಬಿಡದೆ ಸುರಿದಾಗ ನೀರು ಬಂಡೆಯವರೆಗೆ ಇಳಿದು, ಅಲ್ಲಿಂದ ಮುಂದೆ ಹೋಗಲಾರದೆ ಮೇಲಕ್ಕೆ ತುಂಬುತ್ತದೆ. ಇಡೀ ಪದರ ತುಂಬಿದರೆ ಎರಡು ಕೆಲಸ ಆಗುತ್ತವೆ. ಮಣ್ಣು ಭಾರವಾಗಿ ಎಳೆತ 26ಕ್ಕೆ ಏರುತ್ತದೆ. ಒತ್ತುವ ಭಾರ 45 ಆಗುತ್ತದೆ, ಆದರೆ ಅದರಲ್ಲಿ 22ನ್ನು ನೀರೇ ಹೊತ್ತುಕೊಳ್ಳುತ್ತದೆ. ನೀರಿಗೆ ಘರ್ಷಣೆ ಇಲ್ಲ. ಉಳಿದ 23ರಿಂದ ಬರುವ ಘರ್ಷಣೆ 13.3 ಮಾತ್ರ. ಅಂಟು ಕೂಡಿಸಿದರೆ 25.3. ಅದನ್ನು 26ರಿಂದ ಭಾಗಿಸಿ: 0.97.

ಅದೇ ಗುಡ್ಡ, ಅದೇ ಮಣ್ಣು. ಮಾರ್ಚ್‌ನಲ್ಲಿ ಎರಡು, ಜುಲೈಯಲ್ಲಿ ಒಂದಕ್ಕಿಂತ ಕಡಿಮೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ನ್ನು ದಾಟಿ ಗಂಗಾವಳಿ ನದಿಗೆ ಬಿದ್ದದ್ದೂ ಭಾರಿ ಮಳೆಯ ದಿನಗಳಲ್ಲೇ. ಅಲ್ಲಿಯೂ ರಸ್ತೆ ಬದಿಗೆ ಒಂದು ಚಹದ ಅಂಗಡಿ ಇತ್ತು.

ತಮ್ಮನಿಗೆ ಫೋನಿನಲ್ಲಿ ಇಷ್ಟೆಲ್ಲ ಹೇಳಲಿಲ್ಲ. "ಮಳೆಗಾಲಕ್ಕೆ ಅಂಗಡಿ ರಸ್ತೆಯ ಆಚೆ ಬದಿಗೆ, ಬಸ್ ನಿಲ್ಲುವಲ್ಲಿಗೆ ಒಯ್ಯಿ," ಎಂದೆ. ಅಲ್ಲಿ ಗಿರಾಕಿ ಅರ್ಧಕ್ಕರ್ಧ ಕಡಿಮೆ ಎಂದು ಅವನು ಗೊಣಗಿದ. ಹಾಗಾದರೆ ಗುಡ್ಡದ ಬುಡಕ್ಕೆ ಕಲ್ಲಿನ ಗೋಡೆ ಕಟ್ಟಿಸಿದರೆ ಆಗದೇ ಎಂದು ಕೇಳಿದ. ನೀರು ಹೋಗಲು ತೂತಿಲ್ಲದ ಗೋಡೆ ಅಣೆಕಟ್ಟಿನ ಹಾಗೆ, ನೀರನ್ನು ಇನ್ನೂ ಹಿಡಿದಿಡುತ್ತದೆ ಎಂದೆ. ಗೋಡೆಗಿಂತ ಮೊದಲು ಆಗಬೇಕಾದದ್ದು ಚರಂಡಿ. ಗುಡ್ಡದ ನೆತ್ತಿಯಲ್ಲಿ ಮಳೆನೀರನ್ನು ತಿರುಗಿಸುವ ಕಾಲುವೆ, ಇಳಿಜಾರಿನೊಳಗೆ ತೂತಿನ ಕೊಳವೆಗಳು. ನೀರು ಬಂಡೆಯ ಮೇಲೆ ಒಂದು ಮೀಟರಿಗಿಂತ ಏರದಂತೆ ಮಾಡಿದರೆ ಗುಣಾಂಕ 1.32. ಜೊತೆಗೆ ಒಂದು ಮೀಟರ್ ಎತ್ತರಕ್ಕೆ ಎರಡು ಮೀಟರ್ ಅಡ್ಡ ಬರುವಂತೆ ಸವರಿದರೆ ಹತ್ತಿರ ಹತ್ತಿರ ಒಂದೂವರೆ. ಈ ಲೆಕ್ಕವನ್ನು ಬರೆದು ವರದಿ ಕೊಟ್ಟವರಿಗೂ ಕಳಿಸಿದೆ.

ತಮ್ಮನಿಗೆ ಹೇಳಿದ್ದು ಮೂರೇ ಗುರುತು. ನೆತ್ತಿಯಲ್ಲಿ ರಸ್ತೆಗೆ ಸಮಾನಾಂತರವಾಗಿ ಬಿರುಕು ಬಿಟ್ಟಿತೇ, ಮರ ಅಥವಾ ಕರೆಂಟು ಕಂಬ ವಾಲಿತೇ, ಬುಡದಲ್ಲಿ ಒಸರುವ ತಿಳಿನೀರು ಇದ್ದಕ್ಕಿದ್ದಂತೆ ಕೆಸರಾಯಿತೇ. ಒಂದು ಕಂಡರೂ ಅಲ್ಲಿ ನಿಂತು ಫೋಟೋ ತೆಗೆಯಬೇಡ, ಜನರನ್ನು ದೂರ ಕಳಿಸಿ ಪೊಲೀಸರಿಗೆ ಹೇಳು.

ಅವನು ಆರ್ದ್ರಾ ಮಳೆಗೆ ಮೊದಲೇ ಅಂಗಡಿ ಸಾಗಿಸಿದ. ಆ ವರ್ಷ ಗುಡ್ಡ ಬೀಳಲಿಲ್ಲ.

"ಅಣ್ಣ, ನಿನ್ನ ಲೆಕ್ಕ ತಪ್ಪಿತು," ಎಂದು ದೀಪಾವಳಿಗೆ ನಕ್ಕ. ತಪ್ಪಿರಲೂಬಹುದು. ಒಂದೇ ಕಡೆಯ ಮಣ್ಣಿನ ತುಂಡು ಇಡೀ ಗುಡ್ಡದ ಮಾತು ಆಡುವುದಿಲ್ಲ. ಅಥವಾ ನೀರು ಆ ಸಲ ಅರ್ಧದವರೆಗೆ ಮಾತ್ರ ತುಂಬಿರಬಹುದು. ಹಾಗಾದರೆ ಲೆಕ್ಕ 1.23 ಕೊಡುತ್ತದೆ, ಗುಡ್ಡ ನಿಲ್ಲುತ್ತದೆ. ಈ ಸಲ ಊರಿಗೆ ಹೋದಾಗ ನೆತ್ತಿ ಹತ್ತಿ ನೋಡಿದೆ. ಕಾಲುವೆ ಇನ್ನೂ ಆಗಿಲ್ಲ. ಅಂಗಡಿಯನ್ನು ಅವನು ವಾಪಸ್ಸು ತಂದಿಲ್ಲ.