ಸಾಂಬಾರು ಪುಡಿಗೆ ಹುಳ ಎಲ್ಲಿಂದ ಬಂತು?

ನಮ್ಮ ನಂಜನಗೂಡಿನ ಮನೆಯಲ್ಲಿ ಅಮ್ಮ ಮೇ ತಿಂಗಳಲ್ಲಿ ಎರಡು ಕೆಜಿ ಸಾಂಬಾರು ಪುಡಿ ಮಾಡಿಸ್ತಾರೆ. ಜುಲೈ ಬಂತೆಂದರೆ ಡಬ್ಬದ ಮುಚ್ಚಳದ ಒಳಬದಿಯಲ್ಲಿ ಎಳ್ಳಿಗಿಂತ ಚಿಕ್ಕದಾದ ಕಂದು ಹುಳಗಳು ಓಡಾಡುತ್ತವೆ. "ಮಳೆಗಾಲ, ಗಾಳಿಯಲ್ಲೇ ಹುಳ ಬರುತ್ತೆ ಕಣೋ" ಅನ್ನೋದು ಅಮ್ಮನ ತೀರ್ಪು. ಆದರೆ ಡಬ್ಬ ಬಿಗಿಯಾಗೇ ಇತ್ತಲ್ಲ, ಗಾಳಿ ಹೋಗಿದ್ದಾದರೂ ಹೇಗೆ?

ಈ ಹುಳಕ್ಕೆ ಇಂಗ್ಲಿಷ್‌ನಲ್ಲಿ ಸಿಗರೇಟ್ ಬೀಟಲ್ ಅಂತಾರೆ, ತಂಬಾಕಿನ ಗೋದಾಮಿನಲ್ಲೂ ಇದೇ ಕಾಟ. ಎರಡು ಮೂರು ಮಿಲಿಮೀಟರ್ ಉದ್ದ, ತಲೆ ಕೆಳಗೆ ಬಾಗಿಸಿಕೊಂಡು ಗೂನು ಬೆನ್ನಿನ ಹಾಗೆ ಕಾಣುತ್ತೆ. ಖಾರದ ಪುಡಿ, ಧನಿಯಾ, ಅರಿಶಿನ, ಒಣಶುಂಠಿ ಯಾವುದನ್ನೂ ಬಿಡಲ್ಲ. ತೆಳು ಪ್ಲಾಸ್ಟಿಕ್ ಕವರನ್ನು ಸೂಜಿ ಚುಚ್ಚಿದ ಹಾಗೆ ಕೊರೆದು ದಾಟುತ್ತೆ. ಪುಡಿ ತಿನ್ನೋದು ನಾವು ನೋಡುವ ಹುಳ ಅಲ್ಲ, ಅದರ ಬಿಳಿ ಮರಿ. ಪುಡಿ ಸಣ್ಣ ಸಣ್ಣ ಉಂಡೆ ಕಟ್ಟಿದ್ದರೆ ಒಡೆದು ನೋಡಿ, ಒಳಗೆ ಮರಿ ಸಿಗಬಹುದು. ಸೆಕೆ, ತೇವ ಎರಡೂ ಇದ್ದರೆ ಮೊಟ್ಟೆಯಿಂದ ಹುಳ ಆಗೋಕೆ ಒಂದೂವರೆ ತಿಂಗಳ ಆಸುಪಾಸು. ಮೇ ಪುಡಿಯಲ್ಲಿ ಜುಲೈಗೆ ಹುಳ ಎದ್ದರೆ, ಮೊಟ್ಟೆ ಡಬ್ಬ ಮುಚ್ಚುವ ಮೊದಲೇ ಒಳಗೆ ಹೋಗಿದೆ ಅಂತ ಲೆಕ್ಕ.

ಆದರೆ ಅಮ್ಮ ಧನಿಯಾ, ಮೆಣಸಿನಕಾಯಿ ಎಲ್ಲಾ ಘಮ್ ಅನ್ನೋವರೆಗೆ ಹುರಿಯುತ್ತಾರೆ, ಆ ಬಿಸಿಗೆ ಮೊಟ್ಟೆ ಉಳಿಯಲ್ಲ. ಹಾಗಾದರೆ ಮಧ್ಯೆ ಎಲ್ಲಿ ಸೇರಿತು? ನಮ್ಮ ಕೆಲಸದಲ್ಲಿ ದೋಷ ಹುಡುಕುವ ಹಾಗೆ ಕಳೆದ ವರ್ಷ ಮೂರು ಗಾಜಿನ ಬಾಟಲಿ ಇಟ್ಟೆ. ಒಂದರಲ್ಲಿ ಹುರಿದು ಆರಿಸಿದ, ಪುಡಿ ಮಾಡಿಸದ ಸಾಮಾನು. ಎರಡನೆಯದರಲ್ಲಿ ಮಿಲ್ಲಿನಿಂದ ಬಂದ ಪುಡಿ. ಮೂರನೆಯದರಲ್ಲಿ ಅದೇ ಪುಡಿ, ಆದರೆ ಒಂದು ವಾರ ಫ್ರೀಜರಿನಲ್ಲಿಟ್ಟು ತೆಗೆದದ್ದು. ಎರಡು ತಿಂಗಳಾದ ಮೇಲೆ ಹುಳ ಎದ್ದದ್ದು ಎರಡನೆಯದರಲ್ಲಿ ಮಾತ್ರ. ಮಿಲ್ಲಿನ ಯಂತ್ರದ ಸಂದಿಯಲ್ಲಿ ಎಷ್ಟೋ ಮನೆಗಳ ಹಳೇ ಪುಡಿ ಕೂತಿರುತ್ತೆ, ನಮ್ಮದರ ಜೊತೆ ಅದೂ ಮನೆಗೆ ಬರುತ್ತೆ.

ಈಗ ನಮ್ಮ ಮನೆಯಲ್ಲಿ ಮಿಲ್ಲಿಗೆ ಹಾಕಿದ ಮೊದಲ ಎರಡು ಹಿಡಿ ಪುಡಿಯನ್ನು ಇಟ್ಟುಕೊಳ್ಳಲ್ಲ. ಉಳಿದದ್ದನ್ನು ಪೂರಾ ಆರಿಸಿ ಅರ್ಧರ್ಧ ಕೆಜಿ ಕಟ್ಟಿ ಫ್ರೀಜರಿಗೆ, ಒಂದು ವಾರ. ದೊಡ್ಡ ಗಂಟಾದರೆ ನಡುವಿಗೆ ಚಳಿ ತಲುಪೋದು ತಡ. ಹೊರತೆಗೆದ ತಕ್ಷಣ ಬಿಚ್ಚಬಾರದು, ತಣ್ಣಗಿನ ಪುಡಿಯ ಮೇಲೆ ಗಾಳಿಯ ನೀರು ಕೂತುಬಿಡುತ್ತೆ. ರಾತ್ರಿಯೆಲ್ಲಾ ಹಾಗೇ ಬಿಟ್ಟು ಬೆಳಿಗ್ಗೆ ಬಿಚ್ಚಿ ಗಾಜಿನ ಬಾಟಲಿಗೆ ತುಂಬೋದು. ಹಳೇ ಡಬ್ಬದ ಮುಚ್ಚಳದ ಅಂಚಿನಲ್ಲಿ ಅಂಟಿದ ಪುಡಿಯನ್ನು ತೊಳೆದು ಒಣಗಿಸದೆ ಹೊಸದು ಹಾಕಿದರೆ ಮಾಡಿದ್ದೆಲ್ಲಾ ದಂಡ. ಬರೀ ಫ್ರಿಜ್ಜಿನಲ್ಲಿ ಇಟ್ಟರೆ? ಹುಳ ಬೆಳೆಯೋದು ನಿಲ್ಲುತ್ತೆ, ಆದರೆ ಮೊಟ್ಟೆಯೆಲ್ಲಾ ಸತ್ತವು ಅಂತ ನಂಬೋ ಹಾಗಿಲ್ಲ.

ತಿ. ನರಸೀಪುರದ ನಮ್ಮ ಅತ್ತೆ ಮನೆಯ ತಕರಾರು ಒಣಮೀನಿನದು. ಕಾವೇರಿ, ಕಪಿಲೆ ಸೇರುವ ಊರು, ಗದ್ದೆ, ಕಾಲುವೆ, ಮಳೆ ಹಿಡಿದರೆ ಗೋಡೆಯೂ ತಣ್ಣಗೆ. ಅಲ್ಲಿ ಹೊಳೆಯ ಸಣ್ಣ ಮೀನನ್ನು ಉಪ್ಪು ಹಾಕದೆ ಒಣಗಿಸಿಡುತ್ತಾರೆ, ಸಂತೆಯಿಂದ ಉಪ್ಪು ಹಾಕಿದ ಸಮುದ್ರದ ಮೀನೂ ತರುತ್ತಾರೆ. ಎರಡಕ್ಕೂ ಒಂದೇ ಔಷಧಿ ನಡೆಯಲ್ಲ. ಉಪ್ಪಿಲ್ಲದ ಮೀನಿಗೆ ಬರೋದು ಕಪ್ಪು ಬೀಟಲ್, ಅದರ ಮರಿಗೆ ಮೈತುಂಬಾ ಕಂದು ಕೂದಲು. ಮಾಂಸವನ್ನೆಲ್ಲಾ ತಿಂದು ಮುಳ್ಳು, ಪುಡಿ ಬಿಡುತ್ತೆ. ಉಪ್ಪು ಹಿಡಿದ ಮೀನಿಗೆ ಇದು ಅಷ್ಟಾಗಿ ಬೀಳಲ್ಲ, ಆದರೆ ಗಾಳಿಯಲ್ಲಿ ತೇವ ಶೇಕಡಾ 75 ದಾಟಿದರೆ ಉಪ್ಪೇ ನೀರು ಎಳೆದುಕೊಳ್ಳುತ್ತೆ. ಮುಟ್ಟಿದರೆ ಜಿಗುಟು, ಆಮೇಲೆ ಗುಲಾಬಿ ಬಣ್ಣದ ಮಚ್ಚೆ. ಮಚ್ಚೆ ಬಿದ್ದದ್ದನ್ನು ಎಸೆಯೋದೇ ಸರಿ.

ಅದಕ್ಕೆ ಉಪ್ಪಿಲ್ಲದ್ದನ್ನು ಪುಡಿಯ ಹಾಗೇ ಫ್ರೀಜರಿಗೆ ಹಾಕಿ, ಆಮೇಲೆ ಬಿಗಿ ಡಬ್ಬಕ್ಕೆ. ಉಪ್ಪಿನದ್ದನ್ನು ಒಂದೊಂದು ಸಾರಿಗೆ ಆಗುವಷ್ಟು ಕಾಗದದಲ್ಲಿ ಸುತ್ತಿ ದಪ್ಪ ಕವರಿನಲ್ಲಿಟ್ಟು, ಡಬ್ಬ ದಿನಾ ತೆಗೆಯದ ಹಾಗೆ ನೋಡಿಕೊಳ್ಳಿ. ಬಿಸಿಲು ಬಿದ್ದ ದಿನ ಎರಡು ಗಂಟೆ ಒಣಗಿಸಿದರೂ, ಪೂರ್ತಿ ತಣ್ಣಗಾಗದೆ ಡಬ್ಬಕ್ಕೆ ಹಾಕಿದರೆ ಒಳಗೇ ಬೆವರುತ್ತೆ. ಹುಳ ಬಂತು ಅಂತ ಕೆಲವರು ಮನೆಗೆ ಹೊಡೆಯುವ ಸ್ಪ್ರೇ ಹೊಡೀತಾರೆ. ತಿನ್ನೋ ಪದಾರ್ಥಕ್ಕೆ ಅದನ್ನು ಮುಟ್ಟಿಸಲೇಬಾರದು.

ಇನ್ನು ಬೆಲ್ಲ. ಅದರೊಳಗೆ ಈ ಪುಡಿ ಹುಳ ಸಂಸಾರ ಮಾಡಲ್ಲ. ಸಿಗುವ ಇರುವೆ, ನೊಣ ಹೊರಗಿಂದ ಬಂದು ಅಂಟಿಕೊಂಡದ್ದು. ಬೆಲ್ಲದ ನಿಜವಾದ ಶತ್ರು ನೀರು. ಅಚ್ಚು ಬೆವರಿ ರಸ ಇಳಿಯಿತೋ, ಇರುವೆಗೆ ದಾರಿ ಸಿಕ್ಕಿತು. ಹತ್ತು ಅಚ್ಚನ್ನು ಒಂದೇ ಡಬ್ಬಕ್ಕೆ ತುಂಬಿ ದಿನಾ ತೆಗೆಯೋ ಬದಲು, ವಾರಕ್ಕಾಗುವಷ್ಟು ಹೊರಗಿಟ್ಟು ಉಳಿದದ್ದನ್ನು ಜಾಡಿಗೆ ಬಾಯಿತನಕ ತುಂಬಿ ಬಿಗಿಯಾಗಿ ಮುಚ್ಚಿ. ಆಗಲೇ ನೀರೊಡೆದಿದ್ದರೆ ಬಿಸಿಲಿಗೆ ಹಾಕಬೇಡಿ, ಇನ್ನೂ ಕರಗುತ್ತೆ. ಹುಳಿ ವಾಸನೆ, ಬೂಸ್ಟು ಇಲ್ಲದಿದ್ದರೆ ಸ್ವಲ್ಪ ನೀರು ಹಾಕಿ ಕರಗಿಸಿ, ಬಟ್ಟೆಯಲ್ಲಿ ಸೋಸಿ, ಗಟ್ಟಿ ಪಾಕ ಮಾಡಿ ಫ್ರಿಜ್ಜಿನಲ್ಲಿಡಿ. ಪಾಯಸಕ್ಕೆ, ಗೊಜ್ಜಿಗೆ ಸೌಟಿನಲ್ಲಿ ಹಾಕಿಕೊಂಡರಾಯಿತು.