ಸರ್‌ನ ಬದ್ಲಿ ಮಾಡೂಕಿಂತ ಮೊದ್ಲ ರೆಕಾರ್ಡಿಂಗ್ ನೋಡ್ರಿ

"ಆನ್‌ಲೈನ್ ಸರ್ ಚಲೋ ಇಲ್ಲ, ರೊಕ್ಕ ದಂಡ ಆತು. ಬ್ಯಾರೆ ಸರ್ ಹುಡುಕಬೇಕು." ಮೊನ್ನೆ ನಮ್ಮ ವೈನಿ ಹಿಂಗಂದ್ರು. ಎರಡು ತಿಂಗಳ ಹಿಂದ ನಾನೂ ಇದನ್ನ ಅಂದಿದ್ದೆ. ಈಗ ಒಪ್ಪಂಗಿಲ್ಲ.

ನಮ್ಮಾಕಿ ಹತ್ತನೇ ಕ್ಲಾಸು. ಪಾಠ ಶುರು ಆಗೂ ಮುಂದ ಸರ್ "ಇವತ್ತೇನು ನೋಡೋಣ?" ಅಂದ್ರ "ವರ್ಗ ಸಮೀಕರಣ ತಿಳೀವಲ್ದು ಸರ್" ಅಂತಿದ್ಲು. ಪಾಪ, ಅವರು ಮೊದಲಿಂದ ಪೂರ್ತಿ ಹೇಳೂದು, ಈಕಿ ಹೂಂಗುಟ್ಟೂದು. ಟೆಸ್ಟಿನ್ಯಾಗ ಮತ್ತ ಅದಽ ತಪ್ಪು. ಒಂದಿನ ಸಿಟ್ಟಿಗೆದ್ದು ಆಕಿನ್ನ ಬಾಜೂಕ ಕೂಡಿಸ್ಕೊಂಡು ರೆಕಾರ್ಡಿಂಗ್ ಹಚ್ಚಿದೆ. ಸರ್ x² − 5x − 6 = 0 ಬರದಿದ್ರು. ಅವರು ಉತ್ತರ ಹೇಳೂಕಿಂತ ಮೊದ್ಲ ವಿಡಿಯೋ ನಿಲ್ಲಿಸಿ, "ನೀ ಮಾಡು" ಅಂದೆ. ಆಕಿ (x − 2)(x − 3) ಅಂತ ಬರದ್ಲು. ಕೂಡಿಸಿದ್ರ −5 ಬರತದ, ಖರೆ. ಗುಣಿಸಿದ್ರ +6 ಬರತದ, ಬೇಕಾದದ್ದು −6. ಮುಂದ ಹಚ್ಚಿದ್ರ, ಸರ್ "−6 ಮತ್ತು +1, ತಿಳೀತಿಲ್ಲ?" ಅಂತಾರ, ಈಕಿ "ಹೂಂ" ಅಂತಾಳ. ಆ ಎರಡು ಸಂಖ್ಯೆ ಹುಡುಕೂದಽ ಆಕಿಗೆ ಬರವಲ್ದು. ಆ ಕೆಲಸ ಪ್ರತಿ ಸಲ ಸರ್ ಮಾಡ್ತಿದ್ರು. ತಪ್ಪು ಎಲ್ಲದ ಅಂತ ನಾವು ಅವರಿಗೆ ಹೇಳೇ ಇದ್ದಿಲ್ಲ.

ಮುಂದಿನ ಪಾಠದ ಹಿಂದಿನ ದಿನ ಆಕಿ ಸರ್‌ಗೆ ಮೆಸೇಜ್ ಹಾಕಿದ್ಲು: "ಕೂಡಿಸಿದ್ದು ಸರಿ ಬರತದ, ಗುಣಿಸಿದ್ದರ ಚಿಹ್ನೆ ತಪ್ಪತದ. ಇಂಥಾ ಐದು ಲೆಕ್ಕ ನಾನಽ ಮಾಡ್ತೀನಿ, ನೀವು ನೋಡ್ರಿ, ನಡುವ ಹೇಳಬ್ಯಾಡ್ರಿ." ತಪ್ಪು ಮಾಡಿದ ಒಂದು ಲೆಕ್ಕದ ಫೋಟೋನೂ ಕಳಿಸಿದ್ಲು. ಗುರಿ ಅಂದ್ರ ಇಷ್ಟು ಸಣ್ಣದಿರಬೇಕು. ಪಾಠ ಮುಗಿಯೂದ್ರಾಗ ಆತೋ ಇಲ್ಲೋ ಎಣಿಸಿ ಹೇಳಾಕ ಬರಬೇಕು. ಆ ದಿನ ಐದರಾಗ ಮೂರು ಸರಿ ಬಂದ್ವು.

ಪಾಠ ಆದ ಮ್ಯಾಲ ಒಂದು ತಾಸಿನ ರೆಕಾರ್ಡಿಂಗ್ ಪೂರ್ತಿ ಸೀರಿಯಲ್ ನೋಡಿದಂಗ ನೋಡಬ್ಯಾಡ್ರಿ. ನೋಡ್ತಿರೂವಾಗ ಎಲ್ಲಾ ತಿಳಿದಂಗ ಅನಸತದ, ಪೆನ್ನು ಹಿಡಿದ್ರ ಬರಂಗಿಲ್ಲ. ಪಾಠದಾಗ ತಡವರಿಸಿದ ಕಡೆ ಗಡಿಯಾರ ನೋಡಿ ಟೈಮ್ ಬರ್ಕೋಬೇಕು. ಮರುದಿನ ಅಷ್ಟಽ ಹಚ್ಚಿ, ಉತ್ತರದ ಮುಂಚೆ ನಿಲ್ಲಿಸಿ, ತಾನಽ ಬಿಡಿಸಿ, ಆಮ್ಯಾಲ ತಾಳೆ ನೋಡಬೇಕು. ಹದಿನೈದು ನಿಮಿಷ ಸಾಕು. ಅಲ್ಲಿ ಉಳದ ತಪ್ಪಽ ಮುಂದಿನ ಪಾಠದ ಗುರಿ. ನಮ್ಮಾಕಿ ಉಳದ ಎರಡು ಲೆಕ್ಕ ಹಿಂಗಽ ದಾಟಿದ್ಲು.

ಹಿಂಗ ನಾಕು ಪಾಠಕ್ಕ ಗುರಿ ಬರದು ಕಳಿಸಿದ್ರೂ ಸರ್ ತಾವಽ ಬಿಡಿಸ್ತಾ ಹೋದ್ರ, ರೆಕಾರ್ಡಿಂಗ್‌ನ್ಯಾಗ ಹುಡುಗರ ದನಿ "ಹೂಂ" ಬಿಟ್ಟು ಬ್ಯಾರೇನೂ ಕೇಳದಿದ್ರ, ಆಗ ಖಂಡಿತ ಬದ್ಲಿ ಮಾಡ್ರಿ. ಅಲ್ಲೀತನಕ ಸರ್‌ಗ ಬೈಯಬ್ಯಾಡ್ರಿ. ವೈನಿಗೂ ನಾ ಇದನ್ನ ಹೇಳೀನಿ.