ಹೆಸರು ಒಂದೇ, ಅಕ್ಷರ ಎರಡು

ಹೆತ್ತವರೇ, ಕಾಸರಗೋಡಿನ ಒಬ್ಬ ವಿದ್ಯಾರ್ಥಿನಿಯ ಹೆಸರು ಸವಿತಾ ಎಂದಿಟ್ಟುಕೊಳ್ಳಿ. ಕನ್ನಡದಲ್ಲಿ ತೊಡಕಿಲ್ಲ. ಇಂಗ್ಲಿಷಿನಲ್ಲಿ ಜನನ ಪತ್ರದಲ್ಲಿ SAVITA BHAT, ಶಾಲಾ ದಾಖಲೆಯಲ್ಲಿ SAVITHA B. ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಷಿಯಲ್ ನಡೆಯದು, ಬಿಡಿಸಿ ಬರೆಯಬೇಕು. ಆಗ ಅದು ಎಸ್.ಎಸ್.ಎಲ್.ಸಿ. ಪ್ರಮಾಣಪತ್ರಕ್ಕೆ ಹೊಂದುವುದಿಲ್ಲ. ಮುಂದೆ ಹೊರದೇಶದ ಕಾಲೇಜಿಗೆ ಅರ್ಜಿ ಹಾಕಿದಾಗ ಇಬ್ಬರೂ ಒಬ್ಬಳೇ ಎಂಬುದಕ್ಕೆ ದಾಖಲೆ ಕೇಳುತ್ತಾರೆ.

ಇದನ್ನು ಸರಿಪಡಿಸಲು ಸುಲಭವಾದ ಸಮಯ ಹತ್ತನೆಯ ತರಗತಿ. ಪರೀಕ್ಷೆಗೆ ಮುನ್ನ ಶಾಲೆಯವರು ವಿವರಗಳನ್ನು ತೋರಿಸಿದಾಗ ಜನನ ಪತ್ರ ಪಕ್ಕದಲ್ಲಿಟ್ಟು ಒಂದೊಂದೇ ಅಕ್ಷರ ಓದಿರಿ. ವ್ಯತ್ಯಾಸ ಕಂಡರೆ ಮುಖ್ಯೋಪಾಧ್ಯಾಯರಿಗೆ ಆಗಲೇ ಲಿಖಿತ ಅರ್ಜಿ ಕೊಡಿರಿ. ಪ್ರಮಾಣಪತ್ರ ಅಚ್ಚಾದ ಮೇಲೆ ತಿದ್ದುಪಡಿಗೆ ತಿರುವನಂತಪುರದ ಪರೀಕ್ಷಾ ಭವನವನ್ನೇ ಕೇಳಬೇಕಾಗುತ್ತದೆ. ಎರಡೂ ಕಾಗದಗಳಲ್ಲಿ ಹೆಸರು ಒಂದಾದ ಮೇಲಷ್ಟೇ ಪಾಸ್‌ಪೋರ್ಟಿಗೆ ಅರ್ಜಿ ಹಾಕಿರಿ.